ಬಣ್ಣದಿಂದ ಬೆಳಕಿಗೆ ಬಂದ ರಕ್ತಕಣಗಳು

ನೆತ್ತರು ಕೆಂಪೆಂಬುದು ಆಬಾಲವೃದ್ಧರಿಗೂ ತಿಳಿದ ಸಂಗತಿ. ಆದರೆ ಅದರ ಒಂದು ತೊಟ್ಟನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಯಾವ ಬಣ್ಣವನ್ನೂ ಹಾಕದೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವನಿಗೆ ಕೆಂಪೆಂಬುದು ಕಾಣುವುದೇ ಇಲ್ಲ. ಮಾಸಲು ಹಳದಿಯ ಬಿಲ್ಲೆಗಳು ರಾಶಿರಾಶಿಯಾಗಿ ಕಾಣುವುವು. ಅವೇ ಕೆಂಪು ಕಣಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣವಿಲ್ಲದ ಗುಂಡು. ಅದು ಬಿಳಿಯ ಕಣ. ಏಳುನೂರು ಕೆಂಪು ಕಣಗಳಿಗೆ ಹೆಚ್ಚುಕಡಮೆ ಒಂದು ಬಿಳಿಯ ಕಣವಿರುವುದು. ಇನ್ನೂ ಕಣ್ಣಿಟ್ಟು ನೋಡಿದರೆ, ಧೂಳಿನಂತಹ ಸಣ್ಣ ಚೂರುಗಳು ಒಂಟಿಯಾಗಿಯೂ ಗುಂಪಾಗಿಯೂ ತೋರುವುವು. ಈ ಧೂಳನ್ನೇ ಇಂದಿನ ವೈದ್ಯರು ಪ್ಲೇಟ್‌ಲೆಟ್ ಎನ್ನುವರು. ನೀರಿನೊಳಗಿನ ಗಾಜಿನ ಚೂರಿನಂತೆ ಪಾರದರ್ಶಕವಾದ ಈ ಬಿಳಿಯ ಕಣಗಳಲ್ಲಿ ಬೇರೆಬೇರೆ ಕುಲಗಳಿವೆಯೆಂಬುದನ್ನೂ, ಆ ಧೂಳು ಧೂಳಲ್ಲವೆಂಬುದನ್ನೂ ಮನುಷ್ಯನು ಅರಿತುದು ಹೇಗೆಂಬುದೇ ಈ ಲೇಖನದ ವಿಷಯ.

ಹಾಲೆಂಡ್ ದೇಶದ ಲೇವನ್‌ಹುಕ್ಕನು ೧೬೭೪ರಲ್ಲಿ ತನ್ನ ಕೈಯಿಂದಲೇ ಉಜ್ಜಿ ಮಾಡಿದ ಮಸೂರದಲ್ಲಿ ಕೆಂಪು ಕಣಗಳನ್ನು ಕಂಡು ವರ್ಣಿಸಿದನು. ಬಿಳಿಯ ಕಣಗಳು ಗಮನಕ್ಕೆ ಬರಲು ಮತ್ತೆ ನೂರು ವರ್ಷಗಳು ಬೇಕಾದುವು. ಇಂಗ್ಲೆಂಡಿನ ವಿಲಿಯಂ ಹ್ಯೂಸನ್ ಎಂಬ ಶಸ್ತ್ರವೈದ್ಯನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅವುಗಳ ವಿಚಾರವನ್ನು ಬರೆದನು. ೧೮೪೨ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಡೋನೆಯು ಸಣ್ಣ ಚೂರುಗಳನ್ನು ಕಂಡನಾದರೂ, ಅವು ಉಂಡ ಆಹಾರದ ಜಿಡ್ಡಿನಿಂದ ನೆತ್ತರಿಗೆ ಬಂದು ಸೇರಿದ ಗುಳಿಕೆಗಳೆಂದು ಎಣಿಸಿದನು. ೧೮೬೫ರಲ್ಲಿ ಬಾನ್ ನಗರದ ಮ್ಯಾಕ್ಸ್ ಶುಲ್ಟ್ಸನು, ನೆತ್ತರನ್ನು ದೇಹದಷ್ಟೇ ಬೆಚ್ಚಗೆ ಇಡತಕ್ಕ ಪೀಠವೊಂದನ್ನು ಸೂಕ್ಷ್ಮದರ್ಶಕಕ್ಕೆ ಅಳವಡಿಸಿ, ಬಿಳಿಯ ಕಣಗಳು ಜೀವಂತವಾಗಿ ತೆವಳುವುದನ್ನು ನೋಡಿದನು. ಅವುಗಳ ಗಾತ್ರವನ್ನೂ ಒಳಗಿನ ಹರಳುಗಳನ್ನೂ ಗುರುತುಮಾಡಿ ನಾಲ್ಕು ಬಗೆಯೆಂದು ವಿಂಗಡಿಸಿದನು. ಬಣ್ಣವಿಲ್ಲದ ಸಣ್ಣ ಗೋಲಗಳ ಗುಂಪುಗಳನ್ನೂ ಆತನು ಕಂಡನು. ನೆತ್ತರನ್ನು ಆಳವಾಗಿ ಪರಿಶೀಲಿಸುವವರು ಇವುಗಳ ಕಡೆಗೆ ಗಮನ ಕೊಡಬೇಕೆಂದು ಬರೆದಿಟ್ಟನು. ಬಣ್ಣದ ಸಹಾಯವಿಲ್ಲದೆ ಬರಿಗಣ್ಣಿನ ಜಾಗರೂಕತೆಯೊಂದರಿಂದಲೇ ಇಷ್ಟು ದೂರ ಬಂದುದು ದೊಡ್ಡ ಮಾತೇ ಸರಿ. ಆದರೆ ಈ ವಿಂಗಡಣೆ ಶುಲ್ಟ್ಸನಂತಹ ನಿಪುಣನಿಗೆ ಮಾತ್ರ ಸಾಧ್ಯವಾಗಿತ್ತು. ಮತ್ತೊಬ್ಬನು ಅದನ್ನು ಪರೀಕ್ಷಿಸಿ ಹೌದು ಅಲ್ಲವೆಂದು ಹೇಳುವ ಉಪಾಯವಿರಲಿಲ್ಲ.

ಆ ಉಪಾಯವು ವೈದ್ಯಶಾಲೆಯಿಂದ ಬರಲಿಲ್ಲ, ಬಟ್ಟೆಯ ಬಣ್ಣಗಾರರಿಂದ ಬಂದಿತು. ಇಂಗ್ಲೆಂಡಿನಲ್ಲಿ ಪರ್ಕಿನ್ ಎಂಬ ತರುಣನು ೧೮೫೬ರಲ್ಲಿ ಕಲ್ಲಿದ್ದಲಿನ ಟಾರಿನಿಂದ ದೊರೆತ ದ್ರವ್ಯವೊಂದರಿಂದ ಊದಾ ಬಣ್ಣವನ್ನು ತೆಗೆದ ಮೇಲೆ, ಜರ್ಮನಿಯ ಕಾರ್ಖಾನೆಗಳು ವರ್ಷವರ್ಷವೂ ಹೊಸ ಬಣ್ಣಗಳನ್ನು ಹೊರತರಲಾರಂಭಿಸಿದುವು. ಈಯೊಸಿನ್ ಎಂಬ ಗುಲಾಬಿಗೆಂಪೂ, ಮೆಥಿಲೀನ್ ನೀಲಿಯೂ ೧೮೭೦ರ ದಶಕದಲ್ಲಿ ಹೀಗೆ ಹುಟ್ಟಿದುವು. ಈಯೊಸಿನ್ ಎಂಬ ಹೆಸರಿನ ಮೂಲ ಗ್ರೀಕರ ಈಯೋಸ್, ಅಂದರೆ ಉಷೋದೇವಿ. ಸಂಸ್ಕೃತದ ಉಷಸ್ ಶಬ್ದಕ್ಕೂ ಇದಕ್ಕೂ ಒಂದೇ ಧಾತುವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಈ ಬಣ್ಣವನ್ನು ಕಂಡವರಿಗೆ ಮುಂಬೆಳಗಿನ ಹೆಸರು ಅದಕ್ಕೆ ತಕ್ಕುದೆಂದು ತೋರದಿರದು.

ಪಾಲ್ ಎರ್ಲಿಕ್ ಎಂಬಾತನು ೧೮೫೪ರಲ್ಲಿ ಹುಟ್ಟಿದವನು. ವಿದ್ಯಾರ್ಥಿಯಾಗಿದ್ದಾಗಲೇ ಅವನಿಗೆ ಬಣ್ಣಗಳ ಹುಚ್ಚು. ೧೮೭೮ರಲ್ಲಿ ಬಣ್ಣ ಹಾಕುವ ವಿಧಾನವನ್ನು ಕುರಿತೇ ಪ್ರಬಂಧ ಬರೆದು ಪದವಿ ಪಡೆದು, ಬರ್ಲಿನ್ನಿನ ಚಾರಿಟೆ ಆಸ್ಪತ್ರೆಯನ್ನು ಸೇರಿದನು. ಮರುವರ್ಷವೇ ಅವನ ರಕ್ತಶೋಧನೆಯ ಮೊದಲ ಲೇಖನಗಳು ಹೊರಬಂದುವು. ಅವನು ಮಾಡಿದುದು ಎರಡು ಕೆಲಸ. ಮೊದಲನೆಯದಾಗಿ, ನೆತ್ತರನ್ನು ಎರಡು ತೆಳುಗಾಜುಗಳ ನಡುವೆ ಸವರಿ, ಗಾಳಿಯಲ್ಲಿ ಒಣಗಿಸಿ, ಕಾದ ತಾಮ್ರದ ತಗಡಿನ ಮೇಲಿಟ್ಟು, ಕಣಗಳು ನೀರಿನಲ್ಲಿ ಕದಡಿಹೋಗದಂತೆ ಗಾಜಿಗೆ ಅಂಟಿಸಿದನು. ಎರಡನೆಯದಾಗಿ, ಬಣ್ಣಗಳನ್ನು ಅವುಗಳ ರಸಾಯನ ಗುಣಕ್ಕನುಸಾರವಾಗಿ ಆಮ್ಲೀಯ, ಪ್ರತ್ಯಾಮ್ಲೀಯ, ತಟಸ್ಥ ಎಂದು ಮೂರಾಗಿ ವಿಂಗಡಿಸಿ, ಯಾವ ಗುಣದ ಬಣ್ಣವನ್ನು ಕಣದ ಯಾವ ಭಾಗವು ಹೀರಿಕೊಳ್ಳುವುದೆಂದು ನೋಡಿದನು. ಆಮ್ಲಕ್ಕೂ ಪ್ರತ್ಯಾಮ್ಲಕ್ಕೂ ಪರಸ್ಪರ ಆಕರ್ಷಣೆ. ಆದುದರಿಂದ ಆಮ್ಲಗುಣವುಳ್ಳ ಕೋಶಕೇಂದ್ರವು ಮೆಥಿಲೀನ್ ನೀಲಿಯಂತಹ ಪ್ರತ್ಯಾಮ್ಲೀಯ ಬಣ್ಣವನ್ನು ಹಿಡಿಯುವುದು. ಪ್ರತ್ಯಾಮ್ಲ ಗುಣದ ಹರಳುಗಳು ಆಮ್ಲೀಯವಾದ ಈಯೊಸಿನ್ನನ್ನು ಹಿಡಿಯುವುವು.

ಈ ಸೂತ್ರದಿಂದಲೇ ಕುಲಗಳಿಗೆ ಹೆಸರುಗಳು ಬಂದುವು. ಈಯೊಸಿನ್ನನ್ನು ಬಯಸುವ ಹರಳುಳ್ಳದ್ದು ಈಯೊಸಿನೊಫಿಲ್. ಪ್ರತ್ಯಾಮ್ಲೀಯ ಬಣ್ಣವನ್ನು ಬಯಸುವುದು ಬೇಸೊಫಿಲ್. ತಟಸ್ಥವಾದ ಮಿಶ್ರಣದಿಂದ ಬಣ್ಣವೇರುವುದು ನ್ಯೂಟ್ರೋಫಿಲ್. ಹಿಂದಿನವರು ರೂಪವನ್ನು ನೋಡಿ ಹೇಳಿದುದನ್ನು ಎರ್ಲಿಕ್ಕನು ಗುಣವನ್ನು ನೋಡಿ ಹೇಳಿದನು. ಅದೇ ಬಣ್ಣ, ಅದೇ ವಿಧಾನವಿದ್ದರೆ ಬರ್ಲಿನ್ನಿನಲ್ಲಿ ಕಂಡುದು ಬೇರೊಂದು ಊರಿನಲ್ಲಿಯೂ ಹಾಗೆಯೇ ಕಾಣುವುದು. ಶಾಸ್ತ್ರವೆನ್ನಿಸಿಕೊಳ್ಳಲು ಬೇಕಾದುದು ಅದೇ ಅಲ್ಲವೆ?

ಆದರೆ ಒಂದೊಂದು ಕುಲವನ್ನು ಕಾಣಲು ಒಂದೊಂದು ಬಣ್ಣವನ್ನು ಹಾಕುವುದು ತೊಡಕಿನ ಕೆಲಸ. ಎಲ್ಲವನ್ನೂ ಒಮ್ಮೆಗೇ ತೋರುವ ಮಿಶ್ರಣವು ಮಲೇರಿಯಾ ಜ್ವರದ ಶೋಧನೆಯಿಂದ ದೊರೆಯಿತು. ೧೮೯೧ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರೊಮಾನೋವ್‌ಸ್ಕಿಯು ಮೆಥಿಲೀನ್ ನೀಲಿಯನ್ನೂ ಈಯೊಸಿನ್ನನ್ನೂ ಬೆರೆಸಿ ನೆತ್ತರಿಗೆ ಹಾಕಿದಾಗ, ನೀಲಿಯೂ ಕೆಂಪೂ ಅಲ್ಲದ ಮೂರನೆಯದೊಂದು ಊದಾ ಬಣ್ಣವು ಕೋಶಕೇಂದ್ರದಲ್ಲಿ ಮೂಡಿತು. ಹೊಸದಾಗಿ ಕರಗಿಸಿದ ನೀಲಿಯಿಂದ ಇದು ಬರುತ್ತಿರಲಿಲ್ಲ. ಹಳತಾಗಿ ಮೇಲೆ ಬೂಸಲು ಬೆಳೆದ ದ್ರಾವಣದಿಂದ ಬರುತ್ತಿತ್ತು. ಕಾಲಕ್ರಮದಲ್ಲಿ ಮೆಥಿಲೀನ್ ನೀಲಿಯ ಒಂದು ಪಾಲು ಆಮ್ಲಜನಕದ ಸಂಗದಿಂದ ಅಝೂರ್ ಎಂಬ ಬೇರೆ ಬಣ್ಣವಾಗಿ ಮಾರ್ಪಡುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು. ಬೂಸಲಿಗೆ ಕಾಯದೆ ಈ ಮಾರ್ಪಾಟನ್ನು ಬೇಕೆಂದಾಗ ಮಾಡಿ, ಬಣ್ಣವನ್ನು ಮೆಥೆನಾಲ್ ಎಂಬ ಮದ್ಯಸಾರದಲ್ಲಿ ಕರಗಿಸಿ ಇಡುವ ಕ್ರಮವನ್ನು ೧೯೦೧ರಲ್ಲಿ ಬ್ರಿಟಿಷ್ ಸೇನೆಯ ವೈದ್ಯನಾದ ಲೀಷ್‌ಮನ್ನನೂ, ೧೯೦೨ರಲ್ಲಿ ಅಮೆರಿಕದ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟನೂ ಪ್ರಕಟಿಸಿದರು. ಭರತಖಂಡದ ರಕ್ತಪರೀಕ್ಷಾಲಯಗಳಲ್ಲಿ ಇಂದಿಗೂ ಬಹುವಾಗಿ ಬಳಕೆಯಲ್ಲಿರುವುದು ಲೀಷ್‌ಮನ್ನನ ಬಣ್ಣವೇ.

ಈ ಬಣ್ಣವನ್ನು ಹಾಕುವ ವಿಧಾನವು ಹೀಗಿರುವುದು. ಗಾಜಿನ ಪಟ್ಟಿಯ ಒಂದು ತುದಿಯ ಬಳಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನೆತ್ತರ ಹನಿಯನ್ನಿಟ್ಟು, ಮತ್ತೊಂದು ಗಾಜಿನ ಅಂಚನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ಒಂದೇ ಸಮನಾದ ವೇಗದಿಂದ ಮುಂದಕ್ಕೆ ನೂಕಬೇಕು. ಲೇಪವು ಮೊದಲು ದಪ್ಪವಾಗಿ, ಬರಬರುತ್ತ ತೆಳುವಾಗಿ, ಕಡೆಗೆ ನಾಲಗೆಯ ತುದಿಯಂತೆ ಮುಗಿಯಬೇಕು. ಅದು ಒಣಗಿದ ಮೇಲೆ ಬಣ್ಣವನ್ನು ಸುರಿದು ಎರಡು ನಿಮಿಷ ಬಿಡಬೇಕು; ಅದರೊಳಗಿನ ಮೆಥೆನಾಲು ಕಣಗಳನ್ನು ಗಾಜಿಗೆ ಕಚ್ಚಿಸುವುದು. ಎರ್ಲಿಕ್ಕನ ತಾಮ್ರದ ತಗಡಿನ ಕೆಲಸವನ್ನು ಈಗ ಇದು ಮಾಡುವುದು. ಅನಂತರ ಬಣ್ಣದ ಎರಡರಷ್ಟು ನೀರನ್ನು ಬೆರೆಸಿ ಏಳೆಂಟು ನಿಮಿಷ ಬಿಟ್ಟು ತೊಳೆಯಬೇಕು. ನೀರಿನ ಗುಣವು ಇಲ್ಲಿ ಮುಖ್ಯ. ಅದು ಆಮ್ಲದ ಕಡೆಗೆ ವಾಲಿದರೆ ಕೆಂಪು ಮಿತಿಮೀರಿ ಕೋಶಕೇಂದ್ರಗಳು ಪೇಲವವಾಗುವುವು. ಕ್ಷಾರದ ಕಡೆಗೆ ವಾಲಿದರೆ ಎಲ್ಲವೂ ನೀಲಿಗಟ್ಟಿ, ಈಯೊಸಿನೊಫಿಲ್ಲಿನ ಕಿತ್ತಳೆ ಹರಳು ಕೂಡ ಬೂದಿಯ ಬಣ್ಣಕ್ಕೆ ತಿರುಗುವುದು. ಆದುದರಿಂದ ಅನುಭವಿಯಾದವನು ಬಿಳಿಯ ಕಣವನ್ನು ನೋಡುವುದಕ್ಕೆ ಮುಂಚೆ ಕೆಂಪು ಕಣವನ್ನು ನೋಡುವನು. ಅದು ನಸುಗುಲಾಬಿಯಾಗಿದ್ದರೆ ಮಾತ್ರ ಮಿಕ್ಕ ಬಣ್ಣಗಳ ಸಾಕ್ಷ್ಯವನ್ನು ನಂಬುವನು.

ನೋಡತಕ್ಕ ಸ್ಥಳವು ಲೇಪದ ದಪ್ಪ ಭಾಗವೂ ಅಲ್ಲ, ತೀರ ತುದಿಯೂ ಅಲ್ಲ. ಕೆಂಪು ಕಣಗಳು ಒಂದರ ಮೇಲೊಂದು ಬೀಳದೆ ಅಂಚಿಗೆ ಅಂಚು ತಾಗುವಂತಿರುವ ನಡುವಣ ಪ್ರದೇಶ. ಅಲ್ಲಿ ಎಣ್ಣೆಯ ಮಸೂರವನ್ನಿಟ್ಟರೆ ಬಿಳಿಯ ಕಣಗಳ ಐದು ಕುಲಗಳು ಕಾಣಿಸುವುವು. ಎಲ್ಲಕ್ಕೂ ಹೆಚ್ಚಾಗಿರುವುದು ನ್ಯೂಟ್ರೋಫಿಲ್. ಅದರ ಕೇಂದ್ರವು ಎರಡರಿಂದ ಐದು ಹಾಲೆಗಳಾಗಿ ಒಡೆದು, ಹಾಲೆಗಳ ನಡುವೆ ನೂಲಿನೆಳೆಯಂತಹ ಬೆಸುಗೆಯಿರುವುದು. ಸುತ್ತಲ ಕೋಶರಸದಲ್ಲಿ ಹಿಟ್ಟು ಚಿಮುಕಿಸಿದಂತೆ ನವುರಾದ ಹರಳುಗಳಿರುವುವು. ಈಯೊಸಿನೊಫಿಲ್ಲಿನ ಕೇಂದ್ರಕ್ಕೆ ಸಾಮಾನ್ಯವಾಗಿ ಎರಡೇ ಹಾಲೆ, ಕನ್ನಡಕದ ಎರಡು ಗಾಜುಗಳಂತೆ. ಹರಳುಗಳು ಕಿತ್ತಳೆ ಬಣ್ಣದವು, ಒಂದೇ ಗಾತ್ರದವು, ಎಣಿಸಬಹುದೆಂಬಷ್ಟು ದಪ್ಪನಾದುವು. ಬೇಸೊಫಿಲ್ ಅಪರೂಪ, ನೂರರಲ್ಲಿ ಒಂದು ಸಿಕ್ಕಿದರೆ ಸಿಕ್ಕಿತು. ಕಡುನೀಲಿಯ ಹರಳುಗಳು ಕೇಂದ್ರವನ್ನೇ ಮುಚ್ಚಿ ನೇರಳೆಯ ಹಣ್ಣಿನಂತೆ ತೋರುವುದು. ಆ ಹರಳುಗಳು ನೀರಿನಲ್ಲಿ ಕರಗುವ ಸ್ವಭಾವದವು. ಹೆಚ್ಚು ತೊಳೆದರೆ ಹರಳಿದ್ದ ಕಡೆ ತೂತುಗಳು ಮಾತ್ರ ಉಳಿದು ನೋಡುವವನನ್ನು ಮೋಸಗೊಳಿಸುವುವು.

ಮಿಕ್ಕ ಎರಡು ಕುಲಗಳಾದ ಲಿಂಫೊಸೈಟನ್ನೂ ಮಾನೊಸೈಟನ್ನೂ ಬೇರ್ಪಡಿಸುವುದರಲ್ಲಿಯೇ ಹೊಸಬರು ಹೆಚ್ಚಾಗಿ ತಪ್ಪುವರು. ಸಣ್ಣ ಲಿಂಫೊಸೈಟಿನಲ್ಲಿ ಸಂದೇಹವಿಲ್ಲ: ಕೆಂಪು ಕಣಕ್ಕಿಂತ ಸ್ವಲ್ಪ ದೊಡ್ಡದು, ಗಟ್ಟಿಯಾಗಿ ಮಸಿಯಂತೆ ಕಪ್ಪಾದ ದುಂಡು ಕೇಂದ್ರ, ಅದರ ಸುತ್ತ ಬಾನಿನ ನೀಲಿಯ ಕಿರಿದಾದ ಅಂಚು. ಆದರೆ ದೊಡ್ಡ ಲಿಂಫೊಸೈಟ್ ಮಾನೊಸೈಟಿನಷ್ಟೇ ಬೆಳೆದಿರಬಹುದು. ಆಗ ಗಾತ್ರವನ್ನು ಬಿಟ್ಟು ಎರಡು ಸಂಗತಿಗಳನ್ನು ನೋಡಬೇಕು. ಮಾನೊಸೈಟಿನ ಕೇಂದ್ರವು ಮೂತ್ರಪಿಂಡದಂತೆ ಬಗ್ಗಿ, ಅದರ ಒಳಗಿನ ನೇಯ್ಗೆ ಸಡಿಲವಾಗಿ, ಹಿಂಜಿದ ಅರಳೆಯಂತಿರುವುದು. ಲಿಂಫೊಸೈಟಿನದು ಒತ್ತಾಗಿ ಹೆಪ್ಪುಗಟ್ಟಿದಂತಿರುವುದು. ಮಾನೊಸೈಟಿನ ಕೋಶರಸ ಬೂದಿ ಬೆರೆತ ನೀಲಿ, ಕೆಲವೊಮ್ಮೆ ಸಣ್ಣ ಗುಳ್ಳೆಗಳಿಂದ ಕೂಡಿದುದು; ಲಿಂಫೊಸೈಟಿನದು ತಿಳಿಯಾದ ನೀಲಿ. ಇವೆರಡೂ ಲಕ್ಷಣಗಳು ಒಂದೇ ಕಡೆಗೆ ಬೆರಳು ತೋರಿದರೆ ನಿರ್ಣಯವು ಭದ್ರವಾದುದು.

ಹೀಗೆ ನೂರು ಬಿಳಿಯ ಕಣಗಳನ್ನು ಎಣಿಸಿ ಯಾವ ಕುಲದವು ಎಷ್ಟೆಂದು ಬರೆಯುವುದು ವಾಡಿಕೆ. ಆದರೆ ಈ ಎಣಿಕೆಗೆ ಒಂದು ಮಿತಿಯುಂಟು. ನೂರರಲ್ಲಿ ಹತ್ತು ಈಯೊಸಿನೊಫಿಲ್ ಕಂಡರೆ, ಆ ವ್ಯಕ್ತಿಯ ನೆತ್ತರಿನಲ್ಲಿ ನಿಜವಾಗಿರುವುದು ನೂರಕ್ಕೆ ಐದರಿಂದ ಹದಿನೆಂಟರವರೆಗೆ ಎಲ್ಲಿಯಾದರೂ ಇರಬಹುದೆಂದು ಗಣಿತವು ಹೇಳುವುದು. ಅದಲ್ಲದೆ ಲೇಪವನ್ನು ಎಳೆಯುವಾಗ ದೊಡ್ಡ ಕಣಗಳು ಅಂಚಿಗೂ ತುದಿಗೂ ಸರಿದು, ಚಿಕ್ಕ ಲಿಂಫೊಸೈಟುಗಳು ನಡುವೆ ಉಳಿಯುವುದುಂಟು. ಆದುದರಿಂದ ಒಂದೇ ಕಡೆ ಎಣಿಸದೆ, ಕೋಟೆಯ ತೆನೆಗಳನ್ನು ಬರೆದಂತೆ ಅಂಚಿನಿಂದ ಒಳಕ್ಕೆ, ಒಳಗಿನಿಂದ ಅಂಚಿಗೆ ಗಾಜನ್ನು ಸರಿಸುತ್ತ ಎಣಿಸುವ ಕ್ರಮವು ಬಂದಿರುವುದು.

ಇನ್ನು ಧೂಳೆನ್ನಿಸಿಕೊಂಡ ಆರನೆಯ ವಸ್ತುವಿನ ಕಥೆ. ಐವರು ಪಾಂಡವರಿಗೆ ಅಣ್ಣನೊಬ್ಬನಿದ್ದರೂ ಅವನು ಯಾರೆಂಬುದು ಬಹುಕಾಲ ತಿಳಿಯದೆ ಹೋದಂತೆ, ಪ್ಲೇಟ್‌ಲೆಟ್ಟಿನ ಕುಲವೂ ಬಹುಕಾಲ ತಿಳಿಯಲಿಲ್ಲ. ಕೆಲವರು ಅದನ್ನು ಒಡೆದ ಬಿಳಿಯ ಕಣದ ಚೂರೆಂದರು. ಕೆಲವರು ಮುಂದೆ ಕೆಂಪು ಕಣವಾಗತಕ್ಕ ಮರಿಯೆಂದರು. ಇಟಲಿಯ ಟೂರಿನ್ ನಗರದ ಜೂಲಿಯೊ ಬಿಟ್ಸೋಜೆರೊ ಎಂಬ ಪಂಡಿತನು ೧೮೮೧-೮೨ರಲ್ಲಿ ಇದನ್ನು ತೀರ್ಮಾನಿಸಹೊರಟನು. ದೇಹದಿಂದ ಹೊರಬಂದ ನೆತ್ತರಿನಲ್ಲಿ ಈ ಚೂರುಗಳು ಕ್ಷಣಾರ್ಧದಲ್ಲಿ ಮುದ್ದೆಗಟ್ಟಿ ರೂಪಗೆಡುವುದೇ ಗೊಂದಲಕ್ಕೆ ಕಾರಣವೆಂದು ಅರಿತು, ಅವನು ಜೀವವಿರುವ ಪ್ರಾಣಿಯ ಕರುಳಿನ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಹರಿಯುತ್ತಿರುವ ನೆತ್ತರಿನಲ್ಲಿಯೇ ಅವುಗಳನ್ನು ನೋಡಿದನು. ಅವು ಚೂರುಗಳಲ್ಲ, ಚಪ್ಪಟೆಯಾದ ಪುಟ್ಟ ಬಿಲ್ಲೆಗಳು. ರಕ್ತನಾಳಕ್ಕೆ ಗಾಯ ಮಾಡಿದಾಗ ಬಿಳಿಯ ಕಣಗಳಿಗಿಂತ ಮುಂಚೆ ಅವೇ ಬಂದು ಗಾಯದ ಗೋಡೆಗೆ ಅಂಟಿ, ಒಂದರ ಮೇಲೊಂದು ಕುಳಿತು ಕಟ್ಟೆ ಕಟ್ಟಿದುವು. ಅವನು ಅವುಗಳಿಗೆ ಕಿರುಬಿಲ್ಲೆಗಳೆಂಬ ಅರ್ಥದ ಹೆಸರನ್ನೇ ಇಟ್ಟನು.

ಕೆಲಸವು ತಿಳಿಯಿತು; ಹುಟ್ಟು ತಿಳಿಯಲಿಲ್ಲ. ಅದನ್ನು ತಿಳಿಸಿದುದು ಬಣ್ಣವೇ. ಬಾಸ್ಟನ್ನಿನ ರೈಟನು ತನ್ನ ಬಣ್ಣವನ್ನು ಹಾಕಿದಾಗ ಪ್ಲೇಟ್‌ಲೆಟ್ಟಿನ ನಡುವೆ ಕೆನ್ನೀಲಿಯ ನವುರಾದ ಹರಳುಗಳೂ ಸುತ್ತ ತಿಳಿನೀಲಿಯ ಅಂಚೂ ಕಂಡುವು. ಮೂಳೆಯ ಮಜ್ಜೆಯಲ್ಲಿ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯಗಾತ್ರದ ಕೋಶವುಂಟು. ಅದರ ಕೋಶರಸದಲ್ಲಿಯೂ ಅದೇ ಹರಳು, ಅದೇ ಅಂಚು. ಆ ಕೋಶವು ರಕ್ತನಾಳದೊಳಕ್ಕೆ ಬೆರಳುಗಳಂತೆ ಚಾಚಿದ ತುಂಡುಗಳೇ ಕಡಿದು ಪ್ಲೇಟ್‌ಲೆಟ್ಟುಗಳಾಗುವುವೆಂದು ಅವನು ೧೯೦೬ರಲ್ಲಿ ಪ್ರಕಟಿಸಿದನು. ಮುಂದಿನ ಶೋಧನೆಗಳು ಅದನ್ನು ಸ್ಥಿರಪಡಿಸಿರುವುವು. ಪ್ಲೇಟ್‌ಲೆಟ್ಟಿಗೆ ಕೇಂದ್ರವಿಲ್ಲವೇಕೆಂಬುದೂ ಇದರಿಂದ ತಿಳಿಯುವುದು. ಅದು ಕೋಶವಲ್ಲ, ಕೋಶದ ಅಂಶ.

ಲೇಪದಲ್ಲಿ ಪ್ಲೇಟ್‌ಲೆಟ್ಟಿನ ಅಡ್ಡಳತೆ ಎರಡು ಮೂರು ಮೈಕ್ರಾನ್, ಅಂದರೆ ಕೆಂಪು ಕಣದ ಮೂರನೆಯ ಒಂದು ಪಾಲು. ಇಷ್ಟು ಚಿಕ್ಕದಾದುದರಿಂದ ಎರಡು ಬಗೆಯ ಭ್ರಾಂತಿಗೆ ಎಡೆಯುಂಟು. ಬಣ್ಣದ ಗಷ್ಟೇ ಪ್ಲೇಟ್‌ಲೆಟ್ಟಿನಂತೆ ತೋರಬಹುದು. ಆದರೆ ಅದು ಒರಟಾಗಿ ಕಪ್ಪಾಗಿ ಹೊಳೆಯುವುದು, ಅದರೊಳಗೆ ಹರಳುಗಳಿರವು, ಮಸೂರವನ್ನು ಕೊಂಚ ಮೇಲೆತ್ತಿದಾಗ ಸ್ಪಷ್ಟವಾಗುವುದು. ಮತ್ತೊಂದು, ಕೆಂಪು ಕಣದ ಮೇಲೆ ಕುಳಿತ ಪ್ಲೇಟ್‌ಲೆಟ್ಟನ್ನು ಮಲೇರಿಯಾದ ಕೀಟವೆಂದು ಭಾವಿಸುವುದು. ಮೇಲೆ ಕುಳಿತುದರ ಸುತ್ತ ತೆಳ್ಳನೆಯ ಬಿಳಿ ಪರಿವೇಷವಿರುವುದು. ಪಕ್ಕದಲ್ಲಿ ಒಂಟಿಯಾಗಿರುವ ಪ್ಲೇಟ್‌ಲೆಟ್ಟಿನೊಡನೆ ಹೋಲಿಸಿದರೆ ಸಂದೇಹವು ಪರಿಹಾರವಾಗುವುದು.

೧೯೫೩ರಲ್ಲಿ ಅಮೆರಿಕದ ವ್ಯಾಲೆಸ್ ಕೂಲ್ಟರನು ಕಣಗಳನ್ನು ವಿದ್ಯುತ್ತಿನಿಂದ ಎಣಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿಂದೀಚೆಗೆ ಎಣಿಕೆಯ ಕೆಲಸವು ಬಹುಮಟ್ಟಿಗೆ ಯಂತ್ರಗಳ ಪಾಲಾಗಿರುವುದು. ಯಂತ್ರವು ಕೆಲವೇ ಕ್ಷಣಗಳಲ್ಲಿ ಸಾವಿರಾರು ಕಣಗಳನ್ನು ಎಣಿಸುವುದರಿಂದ, ನೂರನ್ನು ಎಣಿಸುವ ಕಣ್ಣಿಗಿಂತ ಅದರ ಲೆಕ್ಕ ಭದ್ರ. ಹಾಗಾದರೆ ಲೇಪವನ್ನು ಇನ್ನೂ ಏಕೆ ನೋಡಬೇಕೆಂಬುದಕ್ಕೆ ಒಂದು ನಿದರ್ಶನವು ಸಾಕು.

ನಲವತ್ತು ವರ್ಷದ ಗೃಹಿಣಿಯೊಬ್ಬಳಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಗೊತ್ತಾಗಿದೆಯೆಂದು ಭಾವಿಸಬಹುದು. ಪ್ಲೇಟ್‌ಲೆಟ್ಟುಗಳು ಒಂದು ಘನ ಮಿಲಿಮೀಟರಿನಲ್ಲಿ ೧,೫೦,೦೦೦ದಿಂದ ೪,೫೦,೦೦೦ದವರೆಗೆ ಇರತಕ್ಕದ್ದು. ಯಂತ್ರವು ಆಕೆಯಲ್ಲಿ ೪೨,೦೦೦ ಎಂದು ತೋರಿಸುವುದು. ಇದು ನಿಜವಾದರೆ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಬೇಕು, ಬೇರೆಯವರ ಪ್ಲೇಟ್‌ಲೆಟ್ಟುಗಳನ್ನು ಏರಿಸುವ ಮಾತು ಬರುವುದು, ತೀವ್ರವಾದ ಔಷಧಗಳ ಯೋಚನೆಯೂ ನಡೆಯುವುದು. ಆದರೆ ಆಕೆಯ ಒಸಡಿನಲ್ಲಿ ನೆತ್ತರಿಲ್ಲ, ಚರ್ಮದಲ್ಲಿ ಕೆಂಪು ಚುಕ್ಕೆಗಳಿಲ್ಲ, ಹಿಂದೆ ಹೆರಿಗೆಗಳಲ್ಲಿ ತೊಂದರೆಯಾಗಿಲ್ಲ. ಲೇಪವನ್ನು ನೋಡಿದರೆ ನಡುವಣ ಪ್ರದೇಶದಲ್ಲಿ ಎಣ್ಣೆಯ ಮಸೂರದ ಒಂದು ನೋಟಕ್ಕೆ ಸರಾಸರಿ ಮೂರೇ ಪ್ಲೇಟ್‌ಲೆಟ್ಟುಗಳು. ಒಂದು ನೋಟದಲ್ಲಿ ಕಂಡ ಪ್ರತಿಯೊಂದಕ್ಕೂ ಹದಿನೈದು ಸಾವಿರವೆಂದು ಗುಣಿಸುವುದು ಸ್ಥೂಲವಾದ ರೂಢಿ. ಹಾಗೆ ಮಾಡಿದರೆ ೪೫,೦೦೦. ಯಂತ್ರದ ಮಾತಿಗೆ ಇದೂ ಸಾಕ್ಷಿ ಹೇಳಿದಂತಾಯಿತು. ಅವಸರದವನು ಇಲ್ಲಿಗೇ ಗಾಜನ್ನು ತೆಗೆದುಬಿಡುವನು.

ತಾಳ್ಮೆಯುಳ್ಳವನು ಕಡಮೆ ಶಕ್ತಿಯ ಮಸೂರವನ್ನು ತಿರುಗಿಸಿ ಲೇಪದ ತುದಿಯವರೆಗೆ ಹೋಗಿ ನೋಡುವನು. ಅಲ್ಲಿ ಇಪ್ಪತ್ತು, ಮೂವತ್ತು ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟಿದ ಮುದ್ದೆಗಳು ಜೇನುಹುಳುಗಳ ಹಿಂಡಿನಂತೆ ಅಲ್ಲಲ್ಲಿ ಬಿದ್ದಿರುವುವು. ಪ್ಲೇಟ್‌ಲೆಟ್ಟುಗಳು ಕಡಮೆಯಾಗಿರಲಿಲ್ಲ, ಒಟ್ಟುಗೂಡಿದ್ದುವು. ಯಂತ್ರವು ಗಾತ್ರವನ್ನು ನೋಡಿ ಎಣಿಸುವುದರಿಂದ ಒಂದು ಮುದ್ದೆಯನ್ನು ಪ್ಲೇಟ್‌ಲೆಟ್ಟೆಂದು ಒಪ್ಪದು. ಕೆಲವು ಮುದ್ದೆಗಳನ್ನು ಬಿಳಿಯ ಕಣಗಳೆಂದೇ ಲೆಕ್ಕ ಹಾಕುವುದೂ ಉಂಟು. ಇದರ ಕಾರಣವು ಆಕೆಯ ದೇಹದಲ್ಲಿಲ್ಲ, ನೆತ್ತರನ್ನು ಹಿಡಿದ ಕೊಳವೆಯಲ್ಲಿದೆ. ನೆತ್ತರು ಹೆಪ್ಪುಗಟ್ಟದಿರಲೆಂದು ಕೊಳವೆಯಲ್ಲಿ ಈಡಿಟಿಎ ಎಂಬ ಲವಣವನ್ನು ಹಾಕಿರುವರು. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದು. ಕೆಲವರ ನೆತ್ತರಿನಲ್ಲಿರುವ ಒಂದು ಬಗೆಯ ಪ್ರತಿಕಾಯವು, ಕ್ಯಾಲ್ಸಿಯಂ ಇಲ್ಲವಾದಾಗ ಪ್ಲೇಟ್‌ಲೆಟ್ಟಿನ ಹೊರಮೈಯಲ್ಲಿ ಆಗುವ ಮಾರ್ಪಾಟನ್ನು ಗುರುತಿಸಿ ಅವುಗಳನ್ನು ಅಂಟಿಸುವುದು. ನೆತ್ತರು ತಣ್ಣಗಾದಷ್ಟೂ, ಹೊತ್ತು ಕಳೆದಷ್ಟೂ ಮುದ್ದೆಗಳು ಹೆಚ್ಚುವುವು. ನಾಳದಲ್ಲಿ ಹರಿಯುವ ನೆತ್ತರಿನಲ್ಲಿ ಇದು ನಡೆಯದು.

ಪರೀಕ್ಷೆಗೆ ಎರಡು ದಾರಿಗಳುಂಟು. ಸಿಟ್ರೇಟ್ ಲವಣವಿರುವ ಕೊಳವೆಯಲ್ಲಿ ಮತ್ತೆ ನೆತ್ತರನ್ನು ಹಿಡಿದು ಬೇಗನೆ ಎಣಿಸಿದಾಗ ೧,೯೦,೦೦೦ ಬಂದಿತೆನ್ನೋಣ. ಒಂಬತ್ತು ಪಾಲು ನೆತ್ತರಿಗೆ ಒಂದು ಪಾಲು ಸಿಟ್ರೇಟ್ ದ್ರವ ಸೇರಿ ತೆಳುವಾಗಿರುವುದರಿಂದ ನೂರಕ್ಕೆ ಹತ್ತರಷ್ಟು ಸೇರಿಸಬೇಕು, ಆಗ ೨,೦೯,೦೦೦. ಎರಡನೆಯ ದಾರಿ, ಯಾವ ಲವಣವನ್ನೂ ಮುಟ್ಟಿಸದೆ ಬೆರಳ ತುದಿಯನ್ನು ಚುಚ್ಚಿ ತಕ್ಷಣ ಲೇಪ ಎಳೆಯುವುದು. ಅದರಲ್ಲಿ ನೋಟಕ್ಕೆ ಸರಾಸರಿ ಹದಿನಾಲ್ಕು ಪ್ಲೇಟ್‌ಲೆಟ್ಟುಗಳು. ಹದಿನೈದು ಸಾವಿರದಿಂದ ಗುಣಿಸಿದರೆ ೨,೧೦,೦೦೦. ಎರಡು ಸಾಕ್ಷಿಗಳೂ ಒಂದಾದುವು. ಆದರೆ ಈ ಗುಣಕವು ಎಲ್ಲ ಸೂಕ್ಷ್ಮದರ್ಶಕಗಳಿಗೂ ಒಂದೇ ಅಲ್ಲ. ನೋಟದ ಅಗಲಕ್ಕೆ ತಕ್ಕಂತೆ ಬದಲಾಗುವುದು. ಸಿಟ್ರೇಟಿನಲ್ಲಿಯೂ ಕೆಲವರ ಪ್ಲೇಟ್‌ಲೆಟ್ಟುಗಳು ಮುದ್ದೆಗಟ್ಟುವುದುಂಟು. ಅಂತಹ ಕಡೆ ಬೆರಳಿನ ಲೇಪವೇ ಗತಿ. ಹಾಗೆಯೇ ಲೇಪದ ತುದಿಯಲ್ಲಿ ಮುದ್ದೆಗಳಿಲ್ಲದೆ, ನಡುವೆಯೂ ಪ್ಲೇಟ್‌ಲೆಟ್ಟುಗಳು ವಿರಳವಾಗಿದ್ದರೆ, ಯಂತ್ರವು ಹೇಳಿದುದು ನಿಜವೆಂದೇ ತಿಳಿದು ಕಾರಣವನ್ನು ಹುಡುಕಬೇಕು.

ಆ ಗೃಹಿಣಿಯ ರಕ್ತವರದಿಯಲ್ಲಿ ಪರೀಕ್ಷಕನು ಬರೆಯತಕ್ಕುದು ಇಷ್ಟೇ: ಪ್ಲೇಟ್‌ಲೆಟ್ಟುಗಳು ಮುದ್ದೆಗಟ್ಟಿವೆ, ಯಂತ್ರದ ಸಂಖ್ಯೆ ಗ್ರಾಹ್ಯವಲ್ಲ, ಲೇಪದಲ್ಲಿ ಪ್ರಮಾಣವು ಸಾಕಷ್ಟಿದೆ. ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ಇದೇ ಭಯವು ಮತ್ತೆ ಹುಟ್ಟದಂತೆ, ಈ ಮಾತನ್ನು ಆಕೆಗೂ ಬರೆದುಕೊಡುವುದು ಯುಕ್ತ. ಹೊರಬಂದ ನೆತ್ತರಿನಲ್ಲಿ ಈ ಬಿಲ್ಲೆಗಳು ಮುದ್ದೆಗಟ್ಟಿ ನೋಡುವವರನ್ನು ವಂಚಿಸುವುವೆಂದು ಬಿಟ್ಸೋಜೆರೊ ೧೮೮೨ರಲ್ಲಿ ತಿಳಿದಿದ್ದನು. ಬೇರೆ ಕಾರಣದಿಂದ ಹುಟ್ಟಿದುದಾದರೂ ಅದೇ ವಂಚನೆಯನ್ನು ಇಂದು ಬಯಲುಮಾಡುವುದು ಎರಡು ಬಣ್ಣಗಳು ಬಿದ್ದ ಒಂದು ಗಾಜಿನ ಪಟ್ಟಿ, ಮತ್ತು ಅದರ ತುದಿಯವರೆಗೆ ಹೋಗಿ ನೋಡುವ ಕಣ್ಣು.